ಕುರು ಅಂದುಕೊಂಡು ಒಂಬತ್ತು ದಿನ

ಆಷಾಢದ ಮಳೆ ಜೋರಿದ್ದ ದಿನ. ತೀರ್ಥಹಳ್ಳಿ ಕಡೆಯ ನನ್ನ ಸಣ್ಣ ನರ್ಸಿಂಗ್ ಹೋಮಿಗೆ ಅಡಿಕೆ ಬೆಳೆಗಾರರೊಬ್ಬರು ಬಂದರು. ವಯಸ್ಸು ಐವತ್ನಾಲ್ಕು. ಕತ್ತು ಒಂದಿಷ್ಟೂ ತಿರುಗುತ್ತಿರಲಿಲ್ಲ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಹೆಂಡತಿ ಮತ್ತು ಮಗ ಜೊತೆಯಲ್ಲಿದ್ದರು.

"ಎಂತದ್ದೂ ಇಲ್ಲ ಡಾಕ್ಟ್ರೇ, ಒಂದು ಕುರು ಅಷ್ಟೆ. ಚೂರು ಕೊಯ್ದು ಕೀವು ತೆಗೆದ್ರೆ ಆತು. ನಾಳೆ ತೋಟಕ್ಕೆ ಔಷಧಿ ಹೊಡೆಯೋಕೆ ಜನ ಬರ್ತಾರೆ" ಅಂದರು.

ಕತ್ತಿನ ಹಿಂಭಾಗಕ್ಕೆ ಸುತ್ತಿದ್ದ ಟವೆಲ್ ಬಿಡಿಸಿದೆ. ಕೂದಲಿನ ಅಂಚಿನ ಕೆಳಗೆ ನನ್ನ ಅಂಗೈಯಷ್ಟು ಅಗಲದ ಊತವಿತ್ತು. ಬಣ್ಣ ಕೆಂಪು ದಾಟಿ ನೇರಳೆಗೆ ತಿರುಗಿತ್ತು. ನಡುವೆ ಐದು ಸಣ್ಣ ಬಾಯಿಗಳಿದ್ದು, ಒಂದೊಂದರಲ್ಲೂ ಹಳದಿ ಕೀವಿನ ಹನಿ ಕೂತಿತ್ತು, ಜರಡಿಯ ತೂತುಗಳಲ್ಲಿ ಹಿಟ್ಟು ಸಿಕ್ಕಿಕೊಂಡ ಹಾಗೆ. ಮುಟ್ಟಿದರೆ ಮರದ ಹಲಗೆಯಷ್ಟು ಗಟ್ಟಿ. ಮೇಲೆಲ್ಲ ಸುಣ್ಣ-ಬೆಲ್ಲ ಮೆತ್ತಿ ಒಣಗಿದ್ದರಿಂದ ಸುತ್ತಲಿನ ಚರ್ಮ ಸುಟ್ಟು ಸುಲಿದಿತ್ತು. ಜ್ವರ 101.6 ಡಿಗ್ರಿ.

ಅದು ಕುರುವಾಗಿ ಉಳಿದಿರಲಿಲ್ಲ, ಕಾರ್ಬಂಕಲ್ ಆಗಿತ್ತು.

ಎರಡಕ್ಕೂ ವ್ಯತ್ಯಾಸ ಏನು ಎಂದು ಅವರ ಮಗ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಒಂದೊಂದು ಕೂದಲೂ ಚರ್ಮದೊಳಗಿನ ಒಂದು ಸಣ್ಣ ಕುಳಿಯಿಂದ ಹುಟ್ಟುತ್ತದೆ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಅಂಥ ಒಂದು ಕುಳಿಗೆ ಇಳಿದು ಕೀವು ಕಟ್ಟಿಸಿದರೆ ಅದು ಕುರು. ಅದಕ್ಕೆ ಒಂದೇ ಬಾಯಿ, ಒಂದೇ ತುದಿ. ಕೆಲವು ದಿನಕ್ಕೆ ಹಣ್ಣಾಗಿ, ತಾನೇ ಒಡೆದು, ಒಳಗಿನ ತಿರುಳು ಬಿದ್ದು ಮಾಯುತ್ತದೆ. ಅಕ್ಕಪಕ್ಕದ ಹಲವು ಕುಳಿಗಳಿಗೆ ಸೋಂಕು ಹಬ್ಬಿ, ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೂ ಇಳಿದು, ಕೆಳಗೆಲ್ಲ ಒಂದಕ್ಕೊಂದು ಕೂಡಿಕೊಂಡರೆ ಅದು ಕಾರ್ಬಂಕಲ್. ಮೇಲೆ ಕಾಣುವ ಐದು ಬಾಯಿ ಐದು ಕುರುವಲ್ಲ, ಒಂದೇ ದೊಡ್ಡ ಕೊಳೆತ ಜಾಗಕ್ಕೆ ಇರುವ ಐದು ಕಿಂಡಿ.

ಕತ್ತಿನ ಹಿಂದೆ ಮತ್ತು ಬೆನ್ನಿನ ಮೇಲೆ ಇದು ಹೆಚ್ಚಾಗಿ ಕಾಣುವುದಕ್ಕೆ ಕಾರಣವಿದೆ. ಅಲ್ಲಿ ಚರ್ಮ ದಪ್ಪ. ಆ ಚರ್ಮವನ್ನು ಕೆಳಗಿನ ಪದರಕ್ಕೆ ಗಟ್ಟಿ ನಾರುಗಳು ಬಿಗಿದು ಹಿಡಿದಿರುತ್ತವೆ. ಹತ್ತಿಯ ಹಾಸಿಗೆಗೆ ಅಲ್ಲಲ್ಲಿ ದಾರದಿಂದ ಹೊಲಿಗೆ ಹಾಕಿರುತ್ತಾರಲ್ಲ, ಹಾಗೆ. ಹೊಲಿಗೆಗಳ ನಡುವೆ ಒಂದೊಂದು ಅರೆ. ಕೀವಿಗೆ ದಪ್ಪ ಚರ್ಮ ಸೀಳಿ ಮೇಲೆ ಬರುವುದಕ್ಕಿಂತ ಪಕ್ಕದ ಅರೆಗೆ ನುಗ್ಗುವುದೇ ಸುಲಭ. ಮಳೆಗಾಲದಲ್ಲಿ ಕೊಪ್ಪೆಯ ಅಂಚು, ಹೊರೆಯ ಹಗ್ಗ, ಒದ್ದೆ ಶರ್ಟಿನ ಕಾಲರ್ ಇಡೀ ದಿನ ಅದೇ ಜಾಗವನ್ನು ಉಜ್ಜುತ್ತಿರುತ್ತವೆ, ಸೋಂಕು ಒಳಗಿಳಿಯುವುದಕ್ಕೆ ಅಷ್ಟು ಸಾಕು.

ಒಂಬತ್ತು ದಿನದ ಕಥೆಯನ್ನು ಅವರ ಹೆಂಡತಿ ಹೇಳಿದರು. ಮೊದಲ ದಿನ ಕಡಲೆಕಾಳಿನಷ್ಟು ಗುಳ್ಳೆ ಇತ್ತು. ಮೂರನೇ ದಿನ ಯಜಮಾನರ ಒತ್ತಾಯಕ್ಕೆ ಮಗ ಎರಡು ಹೆಬ್ಬೆರಳಿಟ್ಟು ಬಲವಾಗಿ ಹಿಂಡಿದ. "ಚೂರು ಕೀವು, ಮತ್ತೆ ಬರೀ ರಕ್ತ ಬಂತು ಡಾಕ್ಟ್ರೇ. ಆಮೇಲೆ ರಾತ್ರಿ ಇಡೀ ಮಲಗ್ಲೇ ಇಲ್ಲ ಇವ್ರು." ಐದನೇ ದಿನ ಮತ್ತೆ ಹಿಂಡಿದರು. ಅಂದೇ ಪಕ್ಕದಲ್ಲಿ ಎರಡನೇ ಬಾಯಿ ಕಂಡಿತು.

ಹಿಂಡಿದಾಗ ಆಗಿದ್ದು ಇಷ್ಟು. ಕೀವು ಕಟ್ಟಿದ ಕೂಡಲೇ ದೇಹ ಅದರ ಸುತ್ತ ಒಂದು ಗೋಡೆ ಕಟ್ಟತೊಡಗುತ್ತದೆ. ನಾವು ಮುಟ್ಟಿದಾಗ ಸಿಗುವ ಗಟ್ಟಿ ಅಂಚು ಅದೇ. ಹೆಬ್ಬೆರಳಿನ ಒತ್ತಡಕ್ಕೆ ಆ ಗೋಡೆ ಬಿರಿಯುತ್ತದೆ. ಸೂಜಿಮೊನೆಯಷ್ಟು ಬಾಯಿಯಿಂದ ಹೊರಗೆ ಬಂದದ್ದು ಒಂದು ಹನಿಯಾದರೆ, ಒಳಗೆ ಪಕ್ಕದ ಅರೆಗಳಿಗೆ ನುಗ್ಗಿದ್ದು ಅದಕ್ಕಿಂತ ಹೆಚ್ಚು. ರಕ್ತ ಬಂತು ಅಂದರೆ ಸಣ್ಣ ರಕ್ತನಾಳಗಳೂ ಹರಿದಿವೆ ಎಂದರ್ಥ. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಲು ಅದೇ ದಾರಿ. ಸ್ಟ್ಯಾಫಿಲೊಕಾಕಸ್ ರಕ್ತಕ್ಕೆ ಸೇರಿದರೆ ಎಲುಬು, ಕೀಲು, ಶ್ವಾಸಕೋಶ, ಹೃದಯದ ಕವಾಟ ಎಲ್ಲಿ ಬೇಕಾದರೂ ನೆಲೆಯೂರಬಲ್ಲದು. ಮೂಗು ಮತ್ತು ಮೇಲ್ತುಟಿಯ ಸುತ್ತ ಎದ್ದ ಕುರುವನ್ನಂತೂ ಬೆರಳಿಂದ ಮುಟ್ಟಲೂಬಾರದು ಎಂದು ನಾನು ಗದರಿಯೇ ಹೇಳುತ್ತೇನೆ. ಆ ಜಾಗದ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿರುವ ರಕ್ತದ ಕೋಶದ ಜೊತೆ ಸಂಪರ್ಕವಿದೆ. ಸೋಂಕು ಅಲ್ಲಿಗೆ ಹೋಗುವುದು ಅಪರೂಪ, ಆದರೆ ಹೋದರೆ ಜೀವಕ್ಕೇ ಅಪಾಯ.

ನಾನು ಕೇಳಿದ ಮುಂದಿನ ಪ್ರಶ್ನೆ ಕುರುವಿನ ಬಗ್ಗೆ ಅಲ್ಲ. "ರಾತ್ರಿ ಎಷ್ಟು ಸಲ ಏಳ್ತೀರಿ?" ನಾಲ್ಕು ಸಲ ಅಂದರು. ಬಾಯಾರಿಕೆಯೂ ಇತ್ತು. ಬೆರಳ ತುದಿಯ ರಕ್ತ ತೆಗೆದು ನೋಡಿದರೆ ಸಕ್ಕರೆ 386. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಅವತ್ತಿನವರೆಗೂ ಯಾರಿಗೂ ಗೊತ್ತಿರಲಿಲ್ಲ. ಮಾವಿನಹಣ್ಣು ತಿಂದು ಉಷ್ಣವಾಗಿ ಕುರು ಎದ್ದಿದೆ ಅಂತಲೇ ಮನೆಯವರೆಲ್ಲ ನಂಬಿದ್ದರು. ಕಾರ್ಬಂಕಲ್ ಕಂಡಾಗ ಸಕ್ಕರೆ ಪರೀಕ್ಷೆ ಮಾಡದೆ ನಾನು ಯಾರನ್ನೂ ಕಳಿಸುವುದಿಲ್ಲ. ಸಕ್ಕರೆ ಏರಿದ್ದಾಗ ಸೋಂಕಿನ ಜೊತೆ ಕಾದಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಗೋಡೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ.

"ಇಲ್ಲೇ ಒಂದು ಗೀರು ಹಾಕಿಬಿಡಿ" ಎಂಬ ಅವರ ಮಾತಿಗೆ ನಾನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ನನ್ನದೇ ಹಳೆಯ ತಪ್ಪೊಂದು ಕಾರಣ. ಕೆಲಸ ಶುರುಮಾಡಿದ ಮೊದಲ ವರ್ಷ ಇಂಥದ್ದೇ ಒಂದು ಬೆನ್ನಿನ ಕಾರ್ಬಂಕಲ್‌ಗೆ ಹೊರರೋಗಿ ಕೋಣೆಯಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡು ಸೆಂಟಿಮೀಟರ್ ಕೊಯ್ದೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಆ ಇಂಜೆಕ್ಷನ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಆ ಹೆಂಗಸು ನೋವಿಗೆ ಚೀರಿದರು, ನಾನು ಅರ್ಧಕ್ಕೆ ನಿಲ್ಲಿಸಿದೆ. ಒಂದು ಅರೆ ಖಾಲಿಯಾಗಿತ್ತು, ಉಳಿದವು ಹಾಗೇ ಇದ್ದವು. ನಾಲ್ಕು ದಿನಕ್ಕೆ ಅವರು ಚಳಿಜ್ವರದಲ್ಲಿ ನಡುಗುತ್ತಾ ಮತ್ತೆ ಬಂದರು. ಅವರು ಗುಣವಾದರು, ಆದರೆ ಮೊದಲ ದಿನವೇ ಸರಿಯಾಗಿ ಮಾಡಿದ್ದರೆ ಅಷ್ಟು ದೊಡ್ಡ ಗಾಯ ಆಗುತ್ತಿರಲಿಲ್ಲ. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ಯಜಮಾನರನ್ನು ಅವತ್ತೇ ಸೇರಿಸಿಕೊಂಡೆ. ಡ್ರಿಪ್, ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್, ಗಂಟೆಗಂಟೆಗೆ ಸಕ್ಕರೆ ನೋಡಿಕೊಂಡು ಇನ್ಸುಲಿನ್. ಕೆಂಪು ಎಲ್ಲಿಯವರೆಗೆ ಹಬ್ಬಿದೆಯೋ ಅದರ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ಸಕ್ಕರೆ 210ಕ್ಕೆ ಇಳಿದಿತ್ತು, ಆದರೆ ಕೆಂಪು ಗೆರೆ ದಾಟಿ ಭುಜದ ಕಡೆಗೆ ಒಂದು ಬೆರಳಗಲ ಮುಂದೆ ಹೋಗಿತ್ತು. ಔಷಧಿಯೊಂದೇ ಸಾಲದು ಎಂಬುದಕ್ಕೆ ಅದೇ ಗುರುತು. ಸತ್ತ ಕೊಬ್ಬಿಗೆ, ಕೀವಿಗೆ ರಕ್ತ ಓಡುವುದಿಲ್ಲ. ರಕ್ತ ಹೋಗದ ಜಾಗಕ್ಕೆ ಔಷಧಿ ಎಲ್ಲಿಂದ ಹೋಗಬೇಕು?

ಶಿವಮೊಗ್ಗದಿಂದ ಅರಿವಳಿಕೆ ವೈದ್ಯರು ಬಂದ ಮೇಲೆ, ಪೂರ್ತಿ ಪ್ರಜ್ಞೆ ತಪ್ಪಿಸಿ ಕೆಲಸ ಶುರುಮಾಡಿದೆ. ಊತದ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಕೊಯ್ದು, ನಾಲ್ಕು ಮೂಲೆಯ ಚರ್ಮವನ್ನು ಲಕೋಟೆ ಬಿಚ್ಚುವ ಹಾಗೆ ಎತ್ತಿದೆ. ಇಷ್ಟು ದೊಡ್ಡ ಊತದಿಂದ ಲೋಟಗಟ್ಟಲೆ ಕೀವು ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹರಿದು ಬಂದದ್ದು ಎರಡು ಚಮಚ ಇರಬಹುದು. ಉಳಿದದ್ದೆಲ್ಲ ನೆನೆದ ಹತ್ತಿಯಂಥ ಹಳದಿ-ಬೂದು ಬಣ್ಣದ ಸತ್ತ ಕೊಬ್ಬು, ನಾರುಗಳಿಗೆ ಅಂಟಿಕೊಂಡು ಕೂತಿತ್ತು. ಹಿಂಡಿದರೆ ಬರುವ ವಸ್ತುವೇ ಅಲ್ಲ ಅದು. ಬೆರಳು ಹಾಕಿ ಅರೆಗಳ ನಡುವಿನ ಗೋಡೆಗಳನ್ನೆಲ್ಲ ಬಿಡಿಸಿದೆ. ತಾಜಾ ರಕ್ತ ಜಿನುಗುವವರೆಗೂ ಸತ್ತದ್ದನ್ನು ಕತ್ತರಿಸಿ ತೆಗೆದೆ. ರಕ್ತ ಬಂದರೆ ಅಲ್ಲಿಂದಾಚೆ ಜೀವಂತ ಭಾಗ, ಅಲ್ಲಿಗೆ ನಿಲ್ಲಿಸಬೇಕು. ಸಲೈನ್‌ನಿಂದ ತೊಳೆದು, ಗಾಜ್ ಬಟ್ಟೆಯನ್ನು ಸಡಿಲವಾಗಿ ತುಂಬಿ, ಒಂದು ಚೂರನ್ನು ಲ್ಯಾಬಿಗೆ ಕಳಿಸಿದೆ. ಹೊಲಿಗೆ ಹಾಕಲಿಲ್ಲ.

ಗಾಯವನ್ನು ತೆರೆದೇ ಬಿಟ್ಟದ್ದು ನೋಡಿ ಅವರ ಹೆಂಡತಿ ಗಾಬರಿಯಾದರು. ಮೇಲೆ ಹೊಲಿದು ಮುಚ್ಚಿದರೆ ಒಳಗೆ ಉಳಿದದ್ದು ಮತ್ತೆ ಕೀವು ಕಟ್ಟುತ್ತದಮ್ಮಾ, ಇದು ತಳದಿಂದ ತುಂಬಿಕೊಂಡು ಮೇಲೆ ಬರಬೇಕು ಅಂತ ಹೇಳಿದೆ. ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ಲ್ಯಾಬಿನ ವರದಿ ಬಂದ ಮೇಲೆ ಆ ಬ್ಯಾಕ್ಟೀರಿಯಾಕ್ಕೆ ಹೊಂದುವ ಮಾತ್ರೆಗೆ ಬದಲಿಸಿದೆ. ವಾರದ ಹೊತ್ತಿಗೆ ತಳದಲ್ಲಿ ಕೆಂಪನೆಯ, ಕಾಳುಕಾಳಾದ ಹೊಸ ಮಾಂಸ ಕಂಡಿತು. ಪೂರ್ತಿ ಮಾಯಲು ಆರು ವಾರ ಬೇಕಾಯಿತು.

ಎಲ್ಲ ಕುರುವಿಗೂ ಕತ್ತಿ ಬೇಕಿಲ್ಲ, ಹಸಿ ಕುರುವಿಗೆ ಕತ್ತಿ ಹಾಕುವುದೂ ತಪ್ಪೇ. ಒಂಟಿ ಕುರುವಿಗೆ ನಾನು ಹೇಳುವುದು ಬಿಸಿ ಶಾಖ. ಮಣಿಕಟ್ಟಿಗೆ ತಾಗಿಸಿ ನೋಡಿ, ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಶುದ್ಧ ಬಟ್ಟೆ ಅದ್ದಿ ಹಿಂಡಿ, ಹತ್ತು-ಹದಿನೈದು ನಿಮಿಷ ಇಡುವುದು, ದಿನಕ್ಕೆ ಮೂರು-ನಾಲ್ಕು ಸಲ. ಸುಣ್ಣ ಬೇಡ. ಒಡೆದರೆ ಒರೆಸಿ, ಬಟ್ಟೆ ಕಟ್ಟಿ, ಕೈ ಸೋಪಿನಲ್ಲಿ ತೊಳೆಯುವುದು. ಒಡೆಯದೆ ಮೆತ್ತಗಾಗಿ, ಒಂದು ಕಡೆ ಬೆರಳಿಟ್ಟರೆ ಇನ್ನೊಂದು ಬೆರಳಿಗೆ ಒಳಗಿನ ದ್ರವ ಅಲುಗಿದ್ದು ತಿಳಿದರೆ ಅದು ಕೊಯ್ಯುವ ಹದ. ಆ ಪರೀಕ್ಷೆಯನ್ನೂ ನಾನೇ ಮಾಡುತ್ತೇನೆ, ಮನೆಯಲ್ಲಿ ಮಾಡಲು ಹೇಳುವುದಿಲ್ಲ, ಪರೀಕ್ಷೆ ಅಂತ ಶುರುವಾದದ್ದು ಹಿಂಡುವುದರಲ್ಲಿ ಮುಗಿಯುತ್ತದೆ. ಅಂಥ ಕುರುವಿಗೆ ಸುತ್ತಲೂ ಮರಗಟ್ಟಿಸಿ ಕೊಯ್ದರೆ ಹತ್ತು ನಿಮಿಷದ ಕೆಲಸ.

ಆದರೆ ಜ್ವರ ಬಂದರೆ, ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಎರಡನೇ ಬಾಯಿ ಕಂಡರೆ, ಮುಖದ ಮೇಲೆ ಎದ್ದರೆ, ವಾರವಾದರೂ ತಗ್ಗದಿದ್ದರೆ ಶಾಖ ಕೊಡುತ್ತಾ ಕೂರಬಾರದು. ಸಕ್ಕರೆ ಕಾಯಿಲೆ ಇದ್ದವರಂತೂ ಕುರು ಸಣ್ಣದಿದ್ದಾಗಲೇ ಬರಬೇಕು.

ದೀಪಾವಳಿ ಕಳೆದು, ಕೊನೆಕೊಯ್ಲಿನ ನಡುವೆ ಅವರ ಮಗ ಒಬ್ಬನೇ ಬಂದ. ತೊಡೆಯ ಮೇಲೆ ಒಂದು ಕುರು ಎದ್ದಿತ್ತು. ಮನೆಯಲ್ಲಿ ಒಂದೇ ಟವೆಲ್ ಎಲ್ಲರೂ ಬಳಸುತ್ತಿದ್ದರು, ಅದನ್ನು ಬೇರೆ ಮಾಡಲು ಹೇಳಿದೆ. "ಕೈ ಹಚ್ಚಿಲ್ಲ ಡಾಕ್ಟ್ರೇ, ನೋಡಿ" ಅಂತ ತೋರಿಸಿದ. ಕುರುವಿನ ಸುತ್ತ ಅವನೇ ಪೆನ್ನಿನಲ್ಲಿ ಗೆರೆ ಎಳೆದುಕೊಂಡಿದ್ದ. ಕೆಂಪು ಗೆರೆಯ ಒಳಗೇ ಇತ್ತು. ಸಕ್ಕರೆ ನೋಡಿದೆ, 98. ಶಾಖ ಮುಂದುವರಿಸಲು ಹೇಳಿ ಕಳಿಸಿದೆ. ಮೂರನೇ ದಿನ ತಾನೇ ಒಡೆಯಿತಂತೆ.