ನನ್ನ ಪರಿಚಯಪತ್ರವನ್ನು ನಾನೇ ಬರೆದದ್ದು ಹೀಗೆ

ಮೈಸೂರಿನಲ್ಲಿ ಭರತನಾಟ್ಯ ಕಲಿಸುತ್ತಿದ್ದೇನೆ. ತರಗತಿಯ ಪರಿಚಯಪತ್ರಕ್ಕೆ ನಾನು ಮೊದಲು ಬರೆದದ್ದು ಗುರುಪರಂಪರೆ. ಮೈಸೂರು ಶೈಲಿಯ ಜಟ್ಟಿ ತಾಯಮ್ಮನವರಿಂದ ಕೆ. ವೆಂಕಟಲಕ್ಷಮ್ಮನವರಿಗೆ, ಅವರಿಂದ ನನ್ನ ಗುರುಗಳಿಗೆ, ಗುರುಗಳಿಂದ ನನಗೆ. 2002ರಲ್ಲಿ ತೀರಿಕೊಂಡ ವೆಂಕಟಲಕ್ಷಮ್ಮನವರ ಅಭಿನಯವನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ, ಆದರೆ ಅವರ ಎದುರು ಕೂತು ಕಲಿತವಳಲ್ಲ. ಅದಕ್ಕೇ 'ಅವರ ಶಿಷ್ಯೆಯ ಶಿಷ್ಯೆ' ಎಂದೇ ಬರೆದೆ. ಕಾರ್ಯಾಗಾರಗಳಲ್ಲಿ ಪಾಠ ಹೇಳಿದ ಹಿರಿಯರ ಹೆಸರನ್ನು ಗುರುಗಳ ಸಾಲಿಗೆ ಸೇರಿಸದೆ ಕೆಳಗೆ ಬೇರೆಯಾಗಿ ಹಾಕಿದೆ. ಅಭಿನಯವಿಲ್ಲದ ಶುದ್ಧ ನೃತ್ತಕ್ಕೆ ನನಗೆ ತಮಿಳುನಾಡಿನ ಪಂದನಲ್ಲೂರು ಬಾನಿಯ ಇನ್ನೊಬ್ಬ ಗುರುಗಳಿದ್ದಾರೆ, ಅದನ್ನೂ ಹೇಳಿದೆ. ನನ್ನ ಅಡವು, ಅಂದರೆ ಹೆಜ್ಜೆಗಳನ್ನು, ನೋಡಿದ ತಿಳಿದವರು ಹೇಗೂ ಕೇಳುತ್ತಾರೆ.

ಪರಂಪರೆ ಅಂದರೆ ಬರೀ ಹೆಸರುಗಳಲ್ಲ, ಕೈಗೆ ಬಂದ ಪಾಠವೂ ಹೌದು. ಮೈಸೂರು ಶೈಲಿಯಲ್ಲಿ ಪದ, ಜಾವಳಿಗಳನ್ನು ಕೂತಲ್ಲೇ, ತಾನೇ ಹಾಡುತ್ತ ಅಭಿನಯಿಸುವ ಪದ್ಧತಿ ಇತ್ತು. ನಮ್ಮ ಗುರುಗಳು ಒಂದು ಸಾಲು ಹಾಡಿಸಿ, ಅರ್ಥ ಹೇಳಿಸಿ, ಕೈಗಳನ್ನು ಮಡಿಲಲ್ಲೇ ಇಡಿಸುತ್ತಿದ್ದರು. ತಡವಾಗಿ ಬಂದ ನಾಯಕನ ಮೇಲೆ ಮೊದಲು ಸಿಟ್ಟು, ಆಮೇಲೆ ಅದನ್ನು ನುಂಗಿಕೊಳ್ಳುವುದು, ಆಮೇಲೆ ಅಳು. ಇದಿಷ್ಟೂ ಕಣ್ಣು, ಹುಬ್ಬಿನಲ್ಲಿ ಬಂದ ಮೇಲಷ್ಟೇ ಹಸ್ತಮುದ್ರೆ. ನನ್ನ ತರಗತಿಯಲ್ಲೂ ಹೀಗೇ ಕಲಿಸುತ್ತೇನೆಂದು ಬರೆದೆ.

ರಂಗದ ಅನುಭವವನ್ನು ಚಿಕ್ಕದಾಗಿ ಮುಗಿಸಿದೆ. ದಸರಾದಲ್ಲಿ ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಮಾಡಿದ್ದು ಸಮೂಹ ನೃತ್ಯವಾದ್ದರಿಂದ 'ಸಮೂಹ' ಎಂದೇ ಇದೆ. ಏಕವ್ಯಕ್ತಿ ಪ್ರದರ್ಶನಗಳ ಮುಂದೆ ವರ್ಷ, ಊರು, ಮುಖ್ಯ ಕೃತಿ. ಆಹ್ವಾನ ಪತ್ರಿಕೆ ನನ್ನ ಬಳಿ ಇಲ್ಲದ ಕಾರ್ಯಕ್ರಮವನ್ನು ಸೇರಿಸಲಿಲ್ಲ.

ತಂದೆ ತಾಯಂದಿರು ಮೊದಲು ನೋಡುವುದು ವಯಸ್ಸಿನ ಭಾಗವನ್ನೇ. ಏಳು ವರ್ಷ ತುಂಬಿದ ಮಕ್ಕಳನ್ನು ತೆಗೆದುಕೊಳ್ಳುತ್ತೇನೆ. ಅದಕ್ಕಿಂತ ಚಿಕ್ಕವರಿಗೆ ಹಾಡು, ತಾಳ, ಆಟ ಮಾತ್ರ, ಮಂಡಿ ಮಡಿಸಿ ಅರ್ಧ ಕೂತಂತೆ ನಿಲ್ಲುವ ಅರೆಮಂಡಿ ಹಿಡಿಸುವುದಿಲ್ಲ. ಅರೆಮಂಡಿಯಲ್ಲಿ ಮಂಡಿ ಪಾದದ ಬೆರಳುಗಳ ದಿಕ್ಕಿಗೇ ತೆರೆಯಬೇಕು. ಮಂಡಿ ಒಳಗೆ ಬಿದ್ದು ಹಿಂಭಾಗ ಹೊರಚಾಚಿದರೆ ಸೊಂಟದಿಂದ ತೆರೆಯದೆ ಪಾದವನ್ನಷ್ಟೇ ಹೊರಳಿಸಿದ್ದಾರೆಂದು ಅರ್ಥ. ಅಂಥ ಮಗುವಿಗೆ ಇನ್ನೂ ಕೆಳಗೆ ಕೂರು ಎನ್ನುವುದಿಲ್ಲ, ಎತ್ತರದಲ್ಲೇ ನಿಲ್ಲಿಸಿ ಒಂದನೇ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ, ಪಾದ ತಟ್ಟುವ ತಟ್ಟಡವು ಮಾಡಿಸುತ್ತೇನೆ. ಮಂಡಿ ಸರಿಹೋದ ಮೇಲೆ ಎರಡು, ಮೂರನೇ ಕಾಲ.

ಹತ್ತರಿಂದ ಹದಿನೈದರವರಿಗೆ ಅಲರಿಪು, ಜತಿಸ್ವರ, ಶಬ್ದ, ಜೊತೆಗೆ ಜೂನಿಯರ್ ಪರೀಕ್ಷೆಯ ತಯಾರಿ. ನಲವತ್ತು ದಾಟಿ ಬರುವ ಹೆಂಗಸರಿಗೆ ಬೇರೆ ತಂಡವಿದೆ. ಮಂಡಿನೋವು ಇರುವವರಿಗೆ ಪೂರ್ತಿ ಕೆಳಗೆ ಕೂರುವ ಮುಳುಮಂಡಿ ಬಿಟ್ಟು, ಕೂತು ಮಾಡುವ ಅಭಿನಯವನ್ನೇ ಹೆಚ್ಚು ಹೇಳಿಕೊಡುತ್ತೇನೆ. ತಾಯಮ್ಮನವರ ಪರಂಪರೆಯ ಪಾಠ ಚೆನ್ನಾಗಿ ಕೂಡಿಬರುವುದೂ ಇವರಿಗೇ.

ರಂಗಪ್ರವೇಶ ಎಷ್ಟು ವರ್ಷಕ್ಕೆ ಎಂದು ಎಲ್ಲರೂ ಕೇಳುತ್ತಾರೆ. ಪತ್ರದಲ್ಲಿ ವರ್ಷ ಬರೆದಿಲ್ಲ. ಅರ್ಧ ಗಂಟೆಗೂ ಮೀರುವ ವರ್ಣ ಎಂಬ ನೃತ್ಯವನ್ನು ವಿದ್ಯಾರ್ಥಿ ಕೊನೆಯ ಜತಿಯವರೆಗೂ ಅರೆಮಂಡಿ ಬಿಡದೆ ಮಾಡಿದ ದಿನ ದಿನಾಂಕ ಹೇಳುತ್ತೇನೆಂದು ಬರೆದಿದ್ದೇನೆ.