ಸ್ಕ್ವೇರ್ ಟೇಬಲ್ ಪಜಲ್: ಹೆಸರು ಕೂರಿಸೋಕ್ ಮುಂಚೆ ಮೂಲೆ ಯಾರು, ಸೈಡ್ ಯಾರು ಅಂತ ಬೇರೆ ಮಾಡೋ ನನ್ನ ರೀತಿ

ಬ್ಯಾಂಕ್ ಎಕ್ಸಾಮ್‌ಗೆ ಓದೋರಿಗೆಲ್ಲ ಈ ಪಜಲ್ ಗೊತ್ತೇ ಇರತ್ತೆ. ಒಂದು ಚೌಕ ಟೇಬಲ್, ಎಂಟು ಜನ, ನಾಲ್ಕು ಜನ ಮೂಲೆಗಳಲ್ಲಿ, ಇನ್ನು ನಾಲ್ಕು ಜನ ಒಂದೊಂದು ಸೈಡಿನ ನಡುವೆ, ಎಲ್ಲರ ಮುಖನೂ ಟೇಬಲ್ ಮಧ್ಯಕ್ಕೆ. ಆಮೇಲೆ ಆರೋ ಏಳೋ ಕ್ಲೂ, ಯಾರು ಎಲ್ಲಿ ಕೂತಿದಾರೆ ಹೇಳಿ ಅಂತ. ನಾನು ಹಾಸನದಲ್ಲಿ ರೂಮ್ ಮಾಡ್ಕೊಂಡು ಓದ್ತಿದ್ದಾಗ ಈ ಸೆಟ್ ಬಂದ್ರೆ ಖುಷಿಯಾಗ್ತಿತ್ತು, ಯಾಕಂದ್ರೆ ರೌಂಡ್ ಟೇಬಲ್‌ಗಿಂತ ಇದು ಸುಲಭ. ತುಂಬ ಜನಕ್ಕೆ ಉಲ್ಟಾ ಅನ್ಸತ್ತೆ, ರೌಂಡ್ ಸುಲಭ, ಚೌಕ ಕಷ್ಟ ಅಂತ. ಲೆಕ್ಕ ನೋಡಿದ್ರೆ ಅವರು ಹೇಳೋದ್ರಲ್ಲೂ ಅರ್ಥ ಇದೆ. ರೌಂಡ್ ಟೇಬಲ್ ಸುತ್ತ ಎಂಟು ಜನ ಕೂರೋಕೆ 7! ಅಂದ್ರೆ 5040 ರೀತಿ, ಚೌಕದ ಸುತ್ತ 10080, ಸರಿಯಾಗಿ ಡಬಲ್. ರೌಂಡ್ ಟೇಬಲ್‌ನ ಒಂದು ಸೀಟಿನಷ್ಟು ತಿರುಗಿಸಿದ್ರೆ ಏನೂ ಬದಲಾಗಲ್ಲ, ಆದ್ರೆ ಚೌಕದಲ್ಲಿ ಒಂದು ಸೀಟು ತಿರುಗಿಸಿದ್ರೆ ಮೂಲೆಯಲ್ಲಿದ್ದೋರೆಲ್ಲ ಸೈಡಿಗೆ ಬರ್ತಾರೆ, ಸೈಡಿನೋರು ಮೂಲೆಗೆ ಹೋಗ್ತಾರೆ, ಅದು ಬೇರೆ ಅರೇಂಜ್‌ಮೆಂಟ್. ಆ ಡಬಲ್ ಆಗಿದ್ದು ಪೂರ್ತಿ ಈ ಮೂಲೆ-ಸೈಡ್ ಅನ್ನೋ ಒಂದೇ ವಿಷಯದಿಂದ. ಹಂಗಾಗಿ ನಾನು ಅದನ್ನೇ ಮೊದಲು ತೀರಿಸ್ಕೊಂಡು ಆಮೇಲೆ ಹೆಸರು ಕೂರಿಸೋದು.

ಈಗ ನಮ್ಮ ಚಿಕ್ಕಮ್ಮನ ಮಗಳು ಗ್ರಾಮೀಣ ಬ್ಯಾಂಕ್ ಎಕ್ಸಾಮ್‌ಗೆ ಓದ್ತಿದಾಳೆ, ರಜಾ ಇದ್ದಾಗ ಅರಸೀಕೆರೆಯಿಂದ ನಮ್ಮನೆಗೆ ಬಂದು ಪಕ್ಕದಲ್ಲಿ ಕೂತು ಪ್ರಾಕ್ಟೀಸ್ ಮಾಡ್ತಾಳೆ. ಅವಳಿಗೆ ಮೊದಲ ಸಲ ಹೇಳ್ಕೊಡೋವಾಗ ಕೇರಂ ಬೋರ್ಡ್ ನೆನಪು ಮಾಡ್ಕೋ ಅಂದೆ, ಆಡೋರು ನಾಲ್ಕು ಸೈಡಲ್ಲಿ, ಪಾಕೆಟ್ ನಾಲ್ಕು ಮೂಲೇಲಿ, ಸುತ್ತ ಬಂದ್ರೆ ಒಂದು ಪಾಕೆಟ್ಟು ಒಬ್ಬ ಆಟಗಾರ, ಮತ್ತೆ ಪಾಕೆಟ್ಟು ಮತ್ತೆ ಆಟಗಾರ, ಅಷ್ಟೇ. ಇದರಿಂದ ಬರೋ ರೂಲ್ ಒಂದೇ. ಪಕ್ಕಪಕ್ಕ ಇರೋ ಇಬ್ಬರಲ್ಲಿ ಒಬ್ಬರು ಮೂಲೆ ಆದ್ರೆ ಇನ್ನೊಬ್ಬರು ಸೈಡ್ ಆಗ್ಲೇಬೇಕು. ಎಡಕ್ಕಾಗ್ಲಿ ಬಲಕ್ಕಾಗ್ಲಿ ಮೂರನೇಯವರು ಅಂದ್ರೂ ಹಂಗೇ, ಬೇರೆ ಜಾತಿ ಸೀಟು. ಎರಡನೇಯವರು ಅಂದ್ರೆ ಒಂದೇ ಜಾತಿ, ಎದುರುಬದುರು ಅಂದ್ರೂ ಒಂದೇ ಜಾತಿ, ಯಾಕಂದ್ರೆ ಎದುರಿಗಿರೋದು ನಾಲ್ಕನೇ ಸೀಟು. ಆದ್ರೆ "ಇಬ್ಬರ ನಡುವೆ ಒಬ್ಬರಿದ್ದಾರೆ" ಅಂತ ಕೊಟ್ರೆ ಹುಷಾರು, ನಡುವೆ ಒಬ್ಬರು ಅಂದ್ರೆ ಎರಡನೇ ಸೀಟು, ಅಂದ್ರೆ ಒಂದೇ ಜಾತಿ. ನಡುವಿನ ಸಂಖ್ಯೆನೂ ಸೀಟಿನ ಸಂಖ್ಯೆನೂ ಒಂದು ಹೆಚ್ಚುಕಮ್ಮಿ ಆಗ್ತವೆ, ಅಲ್ಲೇ ತುಂಬ ಜನ ತಪ್ಪೋದು.

ಅವಳಿಗೋಸ್ಕರ ನಾನು ಬರ್ದಿದ್ದ ಒಂದು ಪಜಲ್‌ನೇ ತಗೊಂಡು ಹೇಳ್ತೀನಿ. ಅನಿಲ, ಕಾವ್ಯ, ಗಿರೀಶ, ಚಂದನ, ದಿವ್ಯ, ಮಂಜು, ರವಿ, ಸುಮ, ಎಂಟು ಜನ. ಕ್ಲೂಗಳು ಹಿಂಗಿವೆ:

ದಿವ್ಯ ಕೂತಿರೋದು ಮಂಜುವಿನ ಎಡಕ್ಕೆ ಮೂರನೇ ಜಾಗದಲ್ಲಿ.
ಕಾವ್ಯ ಮತ್ತೆ ದಿವ್ಯ ನಡುವೆ ಒಬ್ಬರೇ ಇದಾರೆ.
ಸುಮ ಕಾವ್ಯಳ ಎದುರಿಗೆ.
ಗಿರೀಶ ಮಂಜುವಿನ ಪಕ್ಕ.
ಅನಿಲನ ಒಂದು ಪಕ್ಕ ಸುಮ, ಇನ್ನೊಂದು ಪಕ್ಕ ದಿವ್ಯ.
ಸುಮ ಚಂದನಳ ಪಕ್ಕದಲ್ಲಿ ಇಲ್ಲ.
ಚಂದನ ಒಂದು ಮೂಲೆಯಲ್ಲಿ, ಗಿರೀಶನ ಬಲಪಕ್ಕಕ್ಕೆ ಕೂತಿದಾಳೆ.

ಮೊದಲನೇ ಕ್ಲೂ ಓದಿದ ಕೂಡ್ಲೇ ಪೆನ್ ಎತ್ಕೊಂಡು ಮಂಜುನ ಎಲ್ಲೋ ಒಂದು ಕಡೆ ಕೂರಿಸೋದು ಎಲ್ಲರಿಗೂ ಕೈಗೆ ಬರೋ ಅಭ್ಯಾಸ. ನಮ್ಮ ಹುಡುಗಿನೂ ಅದನ್ನೇ ಮಾಡಿದ್ಲು, ಮಂಜು ಮೂಲೇಲಿ ಇದ್ದಾನಾ ಸೈಡಲ್ಲಾ ಗೊತ್ತಿಲ್ಲ ಅಂತ ಎರಡು ಚೌಕ ಬರೆದ್ಲು, ಕಾವ್ಯ ಬಂದಾಗ ಒಂದೊಂದೂ ಎರಡೆರಡಾಗಿ ನಾಲ್ಕು ಚೌಕ ಆಯ್ತು, "ಅಣ್ಣಾ, ರಫ್ ಶೀಟ್ ಸಾಲ್ತಿಲ್ಲ" ಅಂದ್ಲು. ನಾನು ಹೇಳಿದ್ದು ಇಷ್ಟೇ, ಮೊದಲು ಎಲ್ಲ ಕ್ಲೂ ಮೇಲೆ ಕಣ್ಣಾಡಿಸಿ ಮೂಲೆ ಅಥವಾ ಸೈಡ್ ಅನ್ನೋ ಪದ ಎಲ್ಲಿದೆ ಹುಡುಕು, ಎಷ್ಟೋ ಸಲ ಅದನ್ನ ಕೊನೇ ಕ್ಲೂನಲ್ಲೇ ಇಟ್ಟಿರತಾರೆ. ಇಲ್ಲೂ ಕೊನೇಲೇ ಇದೆ.

ಚಂದನ ಮೂಲೆ. ಗಿರೀಶ ಅವಳ ಪಕ್ಕ, ಸೋ ಗಿರೀಶ ಸೈಡ್. ಮಂಜು ಗಿರೀಶನ ಪಕ್ಕ, ಸೋ ಮಂಜು ಮೂಲೆ. ದಿವ್ಯ ಮಂಜುಗೆ ಮೂರನೇಯವಳು, ಸೈಡ್. ಕಾವ್ಯ ದಿವ್ಯ ನಡುವೆ ಒಬ್ಬರು, ಸೋ ಕಾವ್ಯನೂ ಸೈಡ್. ಕಾವ್ಯಳ ಎದುರು ಸುಮ, ಅವಳೂ ಸೈಡ್. ಎಣಿಸಿ ನೋಡಿ, ಗಿರೀಶ, ದಿವ್ಯ, ಕಾವ್ಯ, ಸುಮ, ನಾಲ್ಕೂ ಸೈಡ್ ತುಂಬೋಯ್ತು. ಹಂಗಂದ್ರೆ ಚಂದನ, ಮಂಜು, ಅನಿಲ, ರವಿ ನಾಲ್ಕೂ ಜನ ಮೂಲೆ. ರವಿ ಬಗ್ಗೆ ಒಂದೇ ಒಂದು ಕ್ಲೂ ಇಲ್ಲ, ಆದ್ರೂ ಅವನು ಮೂಲೇಲಿ ಅಂತ ಗೊತ್ತಾಗೋಯ್ತು, ಇನ್ನೂ ಒಂದು ಚೌಕ ಕೂಡ ಬರ್ದಿಲ್ಲ. ಈ ಸೆಟ್‌ಗಳಲ್ಲಿ "ನಾಲ್ವರು ಒಂದು ಗುಂಪಿಗೆ ಸೇರ್ತಾರೆ, ಸೇರದೇ ಇರೋರು ಯಾರು" ಅಂತ ಒಂದು ಪ್ರಶ್ನೆ ಆಗಾಗ ಬರತ್ತೆ, ಅದಕ್ಕೆ ಉತ್ತರ ಎಷ್ಟೋ ಸಲ ಇಲ್ಲೇ ಸಿಕ್ಕಿಬಿಡತ್ತೆ. ರಫ್ ಶೀಟಿನ ಮೂಲೇಲಿ ಎರಡು ಸಾಲು ಸಾಕು, ಮೂ ಅಂತ ಒಂದು, ಸೈ ಅಂತ ಒಂದು, ಹೆಸರಿನ ಮೊದಲಕ್ಷರ ಹಾಕ್ತಾ ಹೋಗೋದು. ಯಾವುದಾದ್ರೂ ಸಾಲಲ್ಲಿ ಐದನೇ ಹೆಸರು ಬಂತು ಅಂದ್ರೆ ಕ್ಲೂ ಓದೋದ್ರಲ್ಲಿ ಎಡವಟ್ಟಾಗಿದೆ ಅಂತ ಅಲ್ಲೇ ಗೊತ್ತಾಗತ್ತೆ, ಪೂರ್ತಿ ಚಿತ್ರ ಬರ್ದು ಕೊನೇಲಿ ಹೊಡ್ಕೊಂಡು ಹೋಗೋ ಕಥೆ ಇಲ್ಲ.

ಈಗ ಚೌಕ. ಮಂಜು ಮೂಲೆ ಅಂತ ಗೊತ್ತಿರೋದ್ರಿಂದ ಯಾವ ಮೂಲೆ ಅನ್ನೋದು ಮುಖ್ಯ ಅಲ್ಲ, ನಾಲ್ಕೂ ಒಂದೇ. ನಾನು ಮಾತ್ರ ಯಾವಾಗ್ಲೂ ಪೇಪರ್‌ನ ಕೆಳಗಿನ ಸಾಲಿಂದನೇ ಶುರು ಮಾಡೋದು, ಅಲ್ಲಿ ಕೂತೋರ ಎಡಗೈ ನನ್ನ ಎಡಗೈ ಒಂದೇ ಕಡೆ ಇರತ್ತೆ. ಮಂಜುನ ಕೆಳಗೆ ಬಲ ಮೂಲೇಲಿ ಇಟ್ಟೆ. ಅವನ ಎಡಕ್ಕೆ ಎಣಿಸಿದ್ರೆ ಕೆಳಗಿನ ಸೈಡು, ಕೆಳಗಿನ ಎಡ ಮೂಲೆ, ಆಮೇಲೆ ಎಡಗಡೆ ಸೈಡು, ಅಲ್ಲಿ ದಿವ್ಯ. ಕಾವ್ಯ ಇರೋದು ದಿವ್ಯಳಿಂದ ಎರಡನೇ ಸೀಟಲ್ಲಿ, ಅಂದ್ರೆ ಕೆಳಗಿನ ಸೈಡು ಅಥವಾ ಮೇಲಿನ ಸೈಡು, ಅವಳು ಒಂದು ಕಡೆ ಅಂದ್ರೆ ಸುಮ ಇನ್ನೊಂದು ಕಡೆ. ಎರಡರಲ್ಲಿ ಯಾವುದಾದ್ರೂ ಕೆಳಗಿನ ಸೈಡ್ ತುಂಬಿದೆ, ಹಾಗಾಗಿ ಮಂಜು ಪಕ್ಕ ಗಿರೀಶನಿಗೆ ಉಳಿದಿದ್ದು ಬಲಗಡೆ ಸೈಡ್ ಒಂದೇ. ಅವನು ಮಧ್ಯಕ್ಕೆ ಮುಖ ಮಾಡಿದ್ರೆ ಬಲಗೈ ಪೇಪರ್‌ನ ಮೇಲ್ಗಡೆಗೆ, ಸೋ ಚಂದನ ಮೇಲಿನ ಬಲ ಮೂಲೆ. ಈಗ ಆ "ಇಲ್ಲ" ಅನ್ನೋ ಕ್ಲೂ ಕೆಲಸಕ್ಕೆ ಬರತ್ತೆ. ಸುಮ ಮೇಲಿನ ಸೈಡಲ್ಲಿದ್ರೆ ಚಂದನಳ ಪಕ್ಕ ಆಗ್ತಾಳೆ, ಆಗೋ ಹಾಗಿಲ್ಲ, ಸುಮ ಕೆಳಗೆ, ಕಾವ್ಯ ಮೇಲೆ. ಸುಮ ದಿವ್ಯ ನಡುವಿನ ಕೆಳಗಿನ ಎಡ ಮೂಲೆ ಅನಿಲಂದು, ಉಳಿದ ಮೂಲೆ ರವಿದು.

ರವಿ – ಕಾವ್ಯ – ಚಂದನ
ದಿವ್ಯ – (ಟೇಬಲ್) – ಗಿರೀಶ
ಅನಿಲ – ಸುಮ – ಮಂಜು

"ಇಲ್ಲ" ಅಂತ ಬರೋ ಕ್ಲೂನ ನಾನು ಕೊನೆಗೇ ಇಟ್ಕೊಳ್ಳೋದು. ಅದರಿಂದ ಯಾರನ್ನೂ ಕೂರಿಸೋಕಾಗಲ್ಲ, ಆದ್ರೆ ಎರಡು ಚಿತ್ರ ಮುಂದಿದ್ದಾಗ ಒಂದನ್ನ ಹೊಡ್ದು ಹಾಕೋಕೆ ಅದೇ ಬೇಕು. ಇಲ್ಲಿ ಕಾವ್ಯ ಸುಮ ಜಾಗ ಬದಲಾಗಿರೋ ಎರಡೂ ಚಿತ್ರ ಮಿಕ್ಕ ಎಲ್ಲ ಕ್ಲೂಗೂ ಹೊಂದ್ಕೊಳ್ತವೆ, ಬೇಕಿದ್ರೆ ಬರ್ದು ನೋಡಿ. ಹಂಗಾಗಿ ಒಂದು ಚಿತ್ರ ಸರಿಬಂತು ಅಂದ ತಕ್ಷಣ ಪ್ರಶ್ನೆಗೆ ಹೋಗಬೇಡಿ, ಬಳಸದೇ ಬಿಟ್ಟಿರೋ ಕ್ಲೂ ಯಾವುದಾದ್ರೂ ಇದ್ಯಾ ನೋಡಿ. ನಾನು ಬಳಸಿದ ಕ್ಲೂಗೆಲ್ಲ ಒಂದು ಟಿಕ್ ಹಾಕ್ಕೊಂಡು ಹೋಗ್ತಿದ್ದೆ. ಈಗ ಎಕ್ಸಾಮ್ ಕಂಪ್ಯೂಟರ್‌ನಲ್ಲಿ, ಸ್ಕ್ರೀನ್ ಮೇಲೆ ಟಿಕ್ ಹಾಕೋಕಾಗಲ್ಲ, ಅದಕ್ಕೆ ರಫ್ ಶೀಟಲ್ಲಿ 1 ರಿಂದ 7 ನಂಬರ್ ಬರ್ಕೊಂಡು ಒಂದೊಂದೇ ಹೊಡೀತಾ ಹೋಗೋದು.

ಎಡ-ಬಲದ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಎಲ್ಲರ ಮುಖ ಮಧ್ಯಕ್ಕೆ ಅಂದ್ರೆ ಎಡ ಅನ್ನೋದು ಗಡಿಯಾರದ ಮುಳ್ಳು ತಿರುಗೋ ಕಡೆ, ಬಲ ಅದರ ವಿರುದ್ಧ. ನಮ್ಮ ಹುಡುಗಿ ಕೇಳಿದ್ಲು, "ಅಣ್ಣ, ನಾನು ಉಲ್ಟಾ ಇಟ್ಕೊಂಡ್ರೆ ಎಲ್ಲ ತಪ್ಪಾಗತ್ತಾ?" ಇಲ್ಲ, ಶುರುವಿಂದ ಕೊನೇವರೆಗೂ ಎಲ್ಲರಿಗೂ ಉಲ್ಟಾನೇ ಇಟ್ಕೊಂಡ್ರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಬರತ್ತೆ ಅಷ್ಟೇ. ಎದುರು ಯಾರು, ಪಕ್ಕ ಯಾರು, ಎಡಕ್ಕೆ ಎರಡನೇಯವರು ಯಾರು, ಅದೇ ಉಲ್ಟಾದಲ್ಲಿ ಎಣಿಸಿದ್ರೆ ಉತ್ತರ ಎಲ್ಲ ಸರಿಯಾಗೇ ಬರತ್ತೆ, ಗಡಿಯಾರದ ದಿಕ್ಕಲ್ಲಿ ಅಂತ ಕೇಳಿದ್ರೆ ಮಾತ್ರ ತಪ್ಪಾಗೋದು. ನಿಜವಾದ ಅಪಾಯ ಅರ್ಧ ಸರಿ ಅರ್ಧ ಉಲ್ಟಾ ಮಾಡೋದ್ರಲ್ಲಿ. ಕೆಳಗೆ ಕೂತೋರಿಗೆ ಸರಿಯಾಗಿ ಎಣಿಸಿ, ಮೇಲೆ ಕೂತೋರಿಗೆ ಪೇಪರ್‌ನ ಎಡ-ಬಲ ನೋಡಿಬಿಡೋದು. ನಮ್ಮ ಚಿತ್ರದಲ್ಲೇ "ಕಾವ್ಯಳ ಎಡಪಕ್ಕ ಯಾರು" ಅಂತ ಕೇಳಿದ್ರೆ ಪೇಪರ್ ನೋಡಿದೋರು ರವಿ ಅಂತಾರೆ, ಆದ್ರೆ ಕಾವ್ಯ ಮೇಲಿಂದ ಕೆಳಮುಖವಾಗಿ ನೋಡ್ತಿದಾಳೆ, ಅವಳ ಎಡಕ್ಕಿರೋದು ಚಂದನ. ಇಂಥ ಪ್ರಶ್ನೆಯಲ್ಲಿ ಎರಡು ಹೆಸರೂ ಆಪ್ಷನ್‌ನಲ್ಲಿ ಇರತ್ತೆ ಅಂತಾನೇ ಇಟ್ಕೊಳಿ. ನಾನು ಚೌಕ ಬರೆದ ಕೂಡ್ಲೇ ಹೊರಗಡೆ ಒಂದು ಬಾಗಿದ ಬಾಣ ಹಾಕಿ ಪಕ್ಕದಲ್ಲಿ ಎ ಅಂತ ಬರೀತೀನಿ, ಆಮೇಲೆ ಯಾರ ಎಡ ಕೇಳಿದ್ರೂ ಅವರ ಕೈ ಯೋಚನೆ ಮಾಡೋದೇ ಬೇಡ, ಬಾಣ ನೋಡಿದ್ರಾಯ್ತು.

ಇದು ಎಲ್ಲಿ ನಡೆಯಲ್ಲ ಅಂತನೂ ಹೇಳ್ಬಿಡ್ತೀನಿ. ಮೂಲೆಯವರ ಮುಖ ಒಳಗೆ, ಸೈಡಿನವರದ್ದು ಹೊರಗೆ ಅಂತ ಬರೋ ಪಜಲ್‌ಗಳಿವೆ, ಅಲ್ಲಿ ಮೂಲೆ-ಸೈಡ್ ರೂಲ್ ಹಾಗೇ ನಡೆಯತ್ತೆ, ಯಾಕಂದ್ರೆ ಅದು ಸೀಟಿಗೆ ಸಂಬಂಧಪಟ್ಟಿದ್ದು, ಮುಖ ಎತ್ಲಾಗಿದ್ರೂ ಒಂದೇ. ಬಾಣ ಮಾತ್ರ ಎರಡು ಬೇಕಾಗತ್ತೆ, ಮೂಲೆಗೊಂದು ಸೈಡಿಗೊಂದು. ಅಲ್ಲಿ ಮೊದಲೇ ಮೂಲೆ ಸೈಡ್ ಬೇರೆ ಮಾಡಿಟ್ಕೊಂಡಿರೋದು ಇನ್ನೂ ಉಪಯೋಗ, ಯಾರಿಗೆ ಯಾವ ಬಾಣ ಅಂತ ಕೂರಿಸೋಕ್ ಮುಂಚೆನೇ ಗೊತ್ತಿರತ್ತೆ. ಹನ್ನೆರಡು ಜನ, ಮೂಲೆಗೆ ಒಬ್ಬರು, ಸೈಡಿಗೆ ಇಬ್ಬಿಬ್ಬರು ಅಂತ ಬಂದ್ರೆ ಈ ರೂಲ್ ಬಿಟ್ಟುಬಿಡಿ, ಅಲ್ಲಿ ಸೈಡಿನ ಇಬ್ಬರು ಪಕ್ಕಪಕ್ಕನೇ ಇರತಾರೆ, ಒಂದು ಮೂಲೆಯಿಂದ ಮುಂದಿನ ಮೂಲೆ ಮೂರನೇ ಸೀಟು. ಎಂಟು ಜನ ಇದ್ದೂ ಮೂಲೆ ಖಾಲಿ, ಸೈಡಿಗೆ ಇಬ್ಬಿಬ್ಬರು ಅಂತ ಕೊಟ್ರೂ ಅಷ್ಟೇ, ಇದು ನಡೆಯಲ್ಲ. ಅದಕ್ಕೆ ಪಜಲ್‌ನ ಮೊದಲ ಎರಡು ಸಾಲು ಎಷ್ಟೇ ಪರಿಚಯದ್ದು ಅನ್ಸಿದ್ರೂ ನಾನು ಓದದೇ ಬಿಡಲ್ಲ, ಎಷ್ಟು ಜನ, ಮೂಲೇಲಿ ಎಷ್ಟು, ಮುಖ ಎತ್ಲಾಗೆ, ಮೂರೂ ಅಲ್ಲೇ ಇರತ್ತೆ.