ನಾಲ್ಕನೇ ಚೀಲ ಯೂರಿಯಾ ಹಾಕಬೇಕೇ? ಲೆಕ್ಕ ಹಾಕುವುದು ಹೀಗೆ

ಒಂದು ಎಕರೆ ಮೆಕ್ಕೆಜೋಳಕ್ಕೆ ನಾಲ್ಕು ಚೀಲ ಯೂರಿಯಾ ಹಾಕಿದ ರೈತ ಸುಗ್ಗಿ ಮುಗಿದ ಮೇಲೆ ಲೆಕ್ಕ ನೋಡುತ್ತಾನೆ. ಗೊಬ್ಬರಕ್ಕೆ ಹೋದದ್ದು 2,400 ರೂಪಾಯಿ, ಗೊಬ್ಬರದಿಂದ ಹೆಚ್ಚಿಗೆ ಬಂದದ್ದು 13,860 ರೂಪಾಯಿ. ಹಾಕಿದ ಹಣಕ್ಕೆ ಐದೂವರೆ ಪಟ್ಟಿಗೂ ಹೆಚ್ಚು ಬಂದಿದೆ, ನಾಲ್ಕು ಚೀಲವೂ ಸಾರ್ಥಕ ಅನ್ನಿಸುತ್ತದೆ. ಆದರೆ ಅದೇ ಲೆಕ್ಕದೊಳಗೆ ನಾಲ್ಕನೇ ಚೀಲ 240 ರೂಪಾಯಿ ನಷ್ಟ ಮಾಡಿದೆ. ಒಟ್ಟು ಮೊತ್ತದಲ್ಲಿ ಆ ನಷ್ಟ ಕಾಣುವುದೇ ಇಲ್ಲ. ಅದು ಕಾಣಬೇಕಾದರೆ ಒಂದೊಂದೇ ಚೀಲವನ್ನು ಬೇರೆಯಾಗಿ ತೂಗಬೇಕು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಸೀಮಾಂತ ವಿಶ್ಲೇಷಣೆ ಎನ್ನುತ್ತಾರೆ.

ಮೊದಲು, ಇನ್ನೊಂದು ಚೀಲ ಹಾಕಿದರೆ ಹೊಸದಾಗಿ ಏನು ಖರ್ಚಾಗುತ್ತದೆ ಎಂದು ಬರೆದುಕೊಳ್ಳಿ. ಸಬ್ಸಿಡಿ ದರದ 45 ಕೆ.ಜಿ. ಚೀಲಕ್ಕೆ ಸುಮಾರು 266 ರೂಪಾಯಿ. ಸಾಗಣೆ, ಸಾಲಿಗೆ ಹಾಕಿ ಮಣ್ಣು ಮುಚ್ಚುವ ಕೂಲಿ ಸೇರಿ 600 ಎಂದಿಟ್ಟುಕೊಳ್ಳೋಣ. ಉಳುಮೆ, ಬೀಜ, ಹೊಲದ ಗುತ್ತಿಗೆ ಇಲ್ಲಿ ಬರಬಾರದು. ಮೂರು ಚೀಲ ಹಾಕಿದರೂ ನಾಲ್ಕು ಹಾಕಿದರೂ ಅವು ಅಷ್ಟೇ.

ಆಮೇಲೆ ಆದಾಯ. ಕ್ವಿಂಟಲ್‌ಗೆ 2,000 ರೂಪಾಯಿ ಸಿಕ್ಕರೂ ಅದನ್ನು ಹಾಗೆಯೇ ಹಿಡಿಯಬೇಡಿ. ಹೆಚ್ಚಿಗೆ ಬಂದ ಕಾಳಿಗೂ ಕಟಾವು, ಒಕ್ಕಣೆ, ಹಮಾಲಿ ಇದ್ದೇ ಇದೆ. ಅದಕ್ಕೆ 200 ಕಳೆದರೆ ಕೈಗೆ ಉಳಿಯುವುದು 1,800.

ಈಗ ಚೀಲ ಚೀಲವಾಗಿ ನೋಡಿ. ಇಳುವರಿಯ ಈ ಅಂಕಿಗಳು ಉದಾಹರಣೆಗಷ್ಟೇ. ಯೂರಿಯಾ ಇಲ್ಲದೆ 10 ಕ್ವಿಂಟಲ್ ಬರುವ ಹೊಲದಲ್ಲಿ ಮೊದಲ ಚೀಲಕ್ಕೆ 14 ಆಗುತ್ತದೆ. ಹೆಚ್ಚಿದ್ದು 4 ಕ್ವಿಂಟಲ್, ಅಂದರೆ 7,200 ರೂಪಾಯಿ. ಎರಡನೆಯದಕ್ಕೆ 16.5 ಆಗಿ 4,500 ಸೇರುತ್ತದೆ. ಮೂರನೆಯದಕ್ಕೆ 17.5 ಆಗಿ 1,800 ಸೇರುತ್ತದೆ. ನಾಲ್ಕನೆಯದಕ್ಕೆ 17.7 ಅಷ್ಟೇ. ಹೆಚ್ಚಿದ್ದು ಬರೀ 20 ಕೆ.ಜಿ., 360 ರೂಪಾಯಿ. ಖರ್ಚು 600. ಹಾಗಾಗಿ ಮೂರಕ್ಕೆ ನಿಲ್ಲಿಸಬೇಕು. ಮೂರು ಮತ್ತು ನಾಲ್ಕರ ನಡುವೆ ಅರ್ಧ ಚೀಲ ಹಾಕಿದರೆ ಹೇಗೆ ಎಂದು ಬೇಕಾದರೆ ನೋಡಬಹುದು.

ಬೆಳೆಗೆ ಬೇಕಾದಷ್ಟು ಸಾರಜನಕ ಸಿಕ್ಕ ಮೇಲೆ ನೀರು, ರಂಜಕ, ಬಿಸಿಲು ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಇಳುವರಿಯನ್ನು ತಡೆಹಿಡಿಯುತ್ತದೆ. ಹಸಿರು ಮಾತ್ರ ಕಡುವಾಗುತ್ತಾ ಹೋಗುತ್ತದೆ. ಬಣ್ಣ ನೋಡಿ ಮತ್ತೊಂದು ಚೀಲ ತರುವ ಅಭ್ಯಾಸ ಇಲ್ಲೇ ಎಡವಿಸುತ್ತದೆ.

ಸರಾಸರಿಯೂ ದಾರಿ ತಪ್ಪಿಸುತ್ತದೆ. ನಾಲ್ಕು ಚೀಲಕ್ಕೆ 13,860 ಎಂದರೆ ಚೀಲಕ್ಕೆ 3,465. ಆದರೆ ಆ ಸರಾಸರಿಯನ್ನು ಎತ್ತಿ ಹಿಡಿದಿರುವುದು ಮೊದಲ ಎರಡು ಚೀಲಗಳು.

ನಿಮ್ಮ ಹೊಲದ ಅಂಕಿ ಬೇಕಾದರೆ ಒಂದೊಂದು ಗುಂಟೆಯ ಪಟ್ಟಿಗಳನ್ನು ಗುರುತು ಮಾಡಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ಯೂರಿಯಾ ಹಾಕಿ. ಎಕರೆಗೆ 40 ಗುಂಟೆ, ಆದ್ದರಿಂದ ಎಕರೆಗೆ ಒಂದು ಚೀಲದ ಲೆಕ್ಕಕ್ಕೆ ಗುಂಟೆಗೆ 1 ಕೆ.ಜಿ. 125 ಗ್ರಾಂ ಯೂರಿಯಾ ಬೀಳಬೇಕು. ಬೀಜ, ಬಿತ್ತನೆಯ ದಿನ, ಅಡಿಗೊಬ್ಬರ ಎಲ್ಲವೂ ಒಂದೇ ಇರಲಿ. ಪಟ್ಟಿಗಳ ನಡುವೆ ಎರಡು ಸಾಲು ಬಿಡಿ, ಇಲ್ಲದಿದ್ದರೆ ಮಳೆಗೆ ಗೊಬ್ಬರ ಪಕ್ಕಕ್ಕೆ ಹರಿಯುತ್ತದೆ. ಎಲ್ಲ ಪಟ್ಟಿಯ ಕಾಳನ್ನೂ ಒಂದೇ ಹದಕ್ಕೆ ಒಣಗಿಸಿ ತೂಗಿ. ಒಂದು ಎಚ್ಚರಿಕೆ: ಎಕರೆಗೆ 20 ಕೆ.ಜಿ. ವ್ಯತ್ಯಾಸ ಗುಂಟೆಯಲ್ಲಿ ಬರೀ ಅರ್ಧ ಕೆ.ಜಿ. ಮಣ್ಣಿನ ಏರುಪೇರಿನಿಂದಲೇ ಅಷ್ಟು ವ್ಯತ್ಯಾಸ ಬರಬಹುದು. ಒಂದೇ ಜಾಗದ ತೂಕ ನಂಬದೆ, ಪ್ರತಿ ಪ್ರಮಾಣವನ್ನೂ ಹೊಲದ ಎರಡು ಮೂರು ಕಡೆ ಹಾಕಿ ನೋಡಿ.

ಹಾಗಂತ ಒಟ್ಟು ಲೆಕ್ಕ ಬೇಡವೇ ಬೇಡ ಎಂದಲ್ಲ. ಬಿತ್ತುವ ಮುನ್ನ ಅದು ಬೇಕು. ಗುತ್ತಿಗೆ, ಬೀಜ, ಕೂಲಿ ಎಲ್ಲ ಸೇರಿದ ಖರ್ಚನ್ನು ಒಟ್ಟು ಆದಾಯ ಮುಟ್ಟದಿದ್ದರೆ ಮೆಕ್ಕೆಜೋಳ ಹಾಕುವುದೇ ಬೇಡ. ಹಾಕುವುದೆಂದು ತೀರ್ಮಾನವಾದ ಮೇಲೆ, ಎಷ್ಟು ಚೀಲ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಕೈಯಲ್ಲಿ ಹಣ ಕಡಿಮೆ ಇದ್ದಾಗ ಮೂರನೇ ಚೀಲ ಲಾಭ ಕೊಟ್ಟರೂ ಅಲ್ಲಿಗೇ ಹೋಗಬೇಕೆಂದಿಲ್ಲ. ಪಕ್ಕದ ರಾಗಿಗೆ ಅದೇ ಚೀಲ 3,000 ತರುವುದಾದರೆ, ಮೆಕ್ಕೆಜೋಳದ 1,800ಕ್ಕಿಂತ ರಾಗಿಯೇ ಮೇಲು.

ಮಳೆ ಕೈಕೊಟ್ಟರೆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಮಣ್ಣು ಮುಚ್ಚದೆ ಮೇಲೆಯೇ ಚೆಲ್ಲಿದ ಯೂರಿಯಾದಲ್ಲಿ, ಮಳೆ ಬಾರದಿದ್ದರೆ, ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆಗ ಮೂರನೇ ಚೀಲ ಒಂದು ಕ್ವಿಂಟಲ್ ಬದಲು 30 ಕೆ.ಜಿ. ಮಾತ್ರ ಕೊಟ್ಟರೆ ಬರುವುದು 540, ಖರ್ಚು 600. ‘ಇಷ್ಟು ಸುರಿದಾಗಿದೆ, ಇನ್ನೊಂದು ಹಾಕಿಬಿಡೋಣ’ ಎಂದು ಹಾಕಿದರೆ, ಹೋದ ಹಣ ವಾಪಸು ಬರುವುದಿಲ್ಲ, ಇನ್ನೂ 60 ರೂಪಾಯಿ ಅದರ ಜೊತೆಗೆ ಹೋಗುತ್ತದೆ.